ಕವಲೊಡೆದ ಕರೆಂಟಿಗೆ ಮೈನಸ್ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಸಮಾಂತರವಾಗಿ ಜೋಡಿಸಿದ 4, 6 ಮತ್ತು 12 ಓಮ್‌ನ ಮೂರು ರೆಸಿಸ್ಟರ್‌ಗಳಲ್ಲಿ 6 ಆಂಪಿಯರ್ ಕರೆಂಟ್ ಹೇಗೆ ಹಂಚಿಹೋಗುತ್ತದೆ ಎಂಬ ಲೆಕ್ಕ ಬಂದಿತ್ತು. ಎರಡು ಕವಲಿನ ಸೂತ್ರವನ್ನೇ ಮೂರಕ್ಕೆ ಹಿಗ್ಗಿಸಿದಾಗ ಉತ್ತರ ಎಲ್ಲೋ ಹೋಯಿತು. ಇನ್ನೊಂದು ದಾರಿಯಲ್ಲಿ ಮಾಡಿದಾಗ 3, 2, 1 ಎಂದು ಬಂತು. ಆದರೆ ಪುಸ್ತಕದ ಹಿಂದಿನ ಉತ್ತರದಲ್ಲಿ ನಡುವಿನ ರೆಸಿಸ್ಟರಿನ ಕರೆಂಟ್ −2 ಎಂದಿದೆ. ಬರೀ ರೆಸಿಸ್ಟರಿನಲ್ಲಿ ಕರೆಂಟ್ ಮೈನಸ್ ಆಗುವುದು ಹೇಗೆ? ಇದು ಅಚ್ಚಿನ ತಪ್ಪಿರಬಹುದೇ?
— ಒಬ್ಬ ಓದುಗರು, ವಿಜಯನಗರ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಲೆಕ್ಕದ ಚಿತ್ರವನ್ನೂ ಬರೆದು ಕಳಿಸಿದ್ದರಿಂದ ನನಗೆ ಊಹೆ ಮಾಡುವ ಕಷ್ಟ ತಪ್ಪಿತು. ಅಚ್ಚಿನ ತಪ್ಪಲ್ಲ, ನಿಮ್ಮ ಮಗಳ 3, 2, 1 ಕೂಡ ತಪ್ಪಲ್ಲ. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಯಾವ ಕವಲಿಗೆ ಎಷ್ಟು ಕರೆಂಟ್ ಹೋಗುತ್ತದೆ ಎಂಬುದು ಒಂದು. ಅದರ ಮುಂದೆ ಯಾವ ಚಿಹ್ನೆ ಹಾಕಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ರೆಸಿಸ್ಟರ್‌ಗಳು ನಿರ್ಧರಿಸುತ್ತವೆ. ಎರಡನೆಯದಕ್ಕೆ ಚಿತ್ರದಲ್ಲಿ ಬಾಣ ಬರೆದ ಕೈಯೂ ಕಾರಣ.

ಮೊದಲು ಹಂಚಿಕೆಯನ್ನು ನೋಡೋಣ. ಮೂರೂ ರೆಸಿಸ್ಟರ್‌ಗಳ ಮೇಲಿನ ತುದಿ ಒಂದೇ ಸಂಧಿಯಲ್ಲಿ ಸೇರಿದೆ. ಅದನ್ನು A ಎನ್ನೋಣ. ಕೆಳಗಿನ ತುದಿಗಳು ಸೇರುವ ಸಂಧಿ B. ಮೂರೂ ಇವೆರಡರ ನಡುವೆಯೇ ಇರುವುದರಿಂದ ಮೂರರ ಮೇಲೂ ಇರುವ ವೋಲ್ಟೇಜ್ ಒಂದೇ. ಸಮಾಂತರ ಜೋಡಣೆ ಎಂದರೆ ಇಷ್ಟೇ. ವೋಲ್ಟೇಜ್ ಒಂದೇ ಆದಾಗ ಓಮನ ನಿಯಮದಂತೆ ಕಡಿಮೆ ರೋಧದ ಕವಲಿನಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ. ಹಾಗಾಗಿ ಕರೆಂಟ್ ಹಂಚಿಕೆಯಾಗುವುದು ರೋಧದ ಪ್ರಮಾಣದಲ್ಲಲ್ಲ, ರೋಧದ ತಲೆಕೆಳಗಾದ ಬೆಲೆಯ, ಅಂದರೆ ವಾಹಕತೆಯ ಪ್ರಮಾಣದಲ್ಲಿ.

ನಿಮ್ಮ ಲೆಕ್ಕದಲ್ಲಿ ಮೂರು ವಾಹಕತೆಗಳು 1/4, 1/6, 1/12. ಹನ್ನೆರಡರ ಛೇದಕ್ಕೆ ತಂದರೆ 3/12, 2/12, 1/12. ಇಲ್ಲಿಗೇ ಉತ್ತರ ಕಣ್ಣಿಗೆ ಬಿತ್ತು. ಕರೆಂಟನ್ನು ಆರು ಪಾಲು ಮಾಡಿದರೆ ಮೊದಲ ಕವಲಿಗೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಪಾಲು. ಒಟ್ಟು ಕರೆಂಟೂ 6 ಆಂಪಿಯರ್ ಆದ್ದರಿಂದ 3, 2, 1 ಆಂಪಿಯರ್. ಪರೀಕ್ಷಿಸಿ ನೋಡಿ: 3 × 4, 2 × 6, 1 × 12, ಮೂರೂ 12 ವೋಲ್ಟ್. ಸೂತ್ರ ಬೇಕೆಂದರೆ ಹೀಗೆ ಬರೆದುಕೊಳ್ಳಿ, ಕವಲು ಎಷ್ಟೇ ಇದ್ದರೂ ಇದು ನಡೆಯುತ್ತದೆ:

I1 = I × G1 / (G1 + G2 + G3)

ಹಾಗಾದರೆ ಎರಡು ಕವಲಿನ ಸೂತ್ರ ಕೈಕೊಟ್ಟದ್ದು ಏಕೆ? ಆ ಸೂತ್ರ I1 = I × R2 / (R1 + R2). ಇದರಲ್ಲಿ ಮೇಲೆ ಕೂತಿರುವುದು ಎದುರು ಕವಲಿನ ರೋಧ. ಎರಡೇ ಕವಲಿದ್ದಾಗ ವಾಹಕತೆಯ ಸೂತ್ರವನ್ನು ಬಿಡಿಸಿದರೆ R1 ಕಳೆದುಹೋಗಿ R2 ಮೇಲೆ ಉಳಿಯುತ್ತದೆ. ಅದು ಬೀಜಗಣಿತದ ಒಂದು ಆಕಸ್ಮಿಕ ಅಷ್ಟೇ. ‘ಎದುರಿನದನ್ನು ಮೇಲೆ ಬರೆ’ ಎಂದು ಬಾಯಿಪಾಠ ಮಾಡಿದವರು ಮೂರು ಕವಲು ಬಂದಾಗ ‘ಎದುರಿನವೆರಡನ್ನೂ ಕೂಡಿಸಿ ಮೇಲೆ ಬರೆ’ ಎಂದು ಹಿಗ್ಗಿಸುತ್ತಾರೆ. ನಿಮ್ಮ ಮಗಳು ಮಾಡಿದ್ದೂ ಅದನ್ನೇ: 6 × 18/22 = 4.91, 6 × 16/22 = 4.36, 6 × 10/22 = 2.73. ಇವನ್ನು ಕೂಡಿಸಿ ನೋಡಿ. 12 ಆಂಪಿಯರ್ ಬರುತ್ತದೆ, ಒಳಗೆ ಬಂದದ್ದರ ಸರಿಯಾಗಿ ಎರಡರಷ್ಟು. ಮೂರು ಕವಲಿನಲ್ಲಿ ಈ ತಪ್ಪು ಮಾಡಿದಾಗಲೆಲ್ಲ ಮೊತ್ತ ದುಪ್ಪಟ್ಟಾಗಿಯೇ ಬರುತ್ತದೆ. ಏಕೆಂದರೆ ಪ್ರತಿಯೊಂದು ರೋಧವೂ ಬೇರೆ ಎರಡು ಕವಲುಗಳ ಲೆಕ್ಕದಲ್ಲಿ ಎರಡು ಸಲ ಮೇಲೆ ಕೂತಿರುತ್ತದೆ. ಉತ್ತರ ಪತ್ರಿಕೆ ತಿದ್ದುವವರಿಗೆ ಈ ದುಪ್ಪಟ್ಟು ಕಂಡೊಡನೆ ರೋಗ ಗೊತ್ತಾಗಿಬಿಡುತ್ತದೆ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಆಯಾ ಕವಲಿನ ರೋಧವನ್ನೇ ಮೇಲೆ ಬರೆದು 6 × 4/22, 6 × 6/22, 6 × 12/22 ಎಂದು ಮಾಡುವುದು. ಬರುವ ಉತ್ತರಗಳು 1.09, 1.64, 3.27. ಇವುಗಳ ಮೊತ್ತ ಸರಿಯಾಗಿ 6! ಸಂಧಿಯೊಳಗೆ ಬಂದಷ್ಟು ಹೊರಗೆ ಹೋಗಬೇಕೆಂಬ ಕಿರ್ಚಾಫ್ ನಿಯಮದ ಪರೀಕ್ಷೆಯಲ್ಲಿ ಇದು ಸಲೀಸಾಗಿ ಪಾಸಾಗುತ್ತದೆ. ಆದರೆ ವೋಲ್ಟೇಜ್ ನೋಡಿದರೆ ಮೊದಲ ಕವಲಿನ ಮೇಲೆ 4.4 ವೋಲ್ಟ್, ಮೂರನೆಯದರ ಮೇಲೆ 39 ವೋಲ್ಟ್. ಒಂದೇ ಎರಡು ಸಂಧಿಗಳ ನಡುವೆ ಎರಡು ವೋಲ್ಟೇಜ್ ಇರಲು ಸಾಧ್ಯವಿಲ್ಲವಲ್ಲ. ಆದ್ದರಿಂದ ಮೊತ್ತ ಸರಿಬಂತೆಂದು ಪೆನ್ನು ಕೆಳಗಿಡಬೇಡಿ. ಪ್ರತಿ ಕವಲಿನ ಕರೆಂಟನ್ನೂ ಅದರ ರೋಧದಿಂದ ಗುಣಿಸಿ, ಎಲ್ಲವೂ ಒಂದೇ ವೋಲ್ಟೇಜ್ ಕೊಡುತ್ತವೆಯೇ ಎಂದು ನೋಡಬೇಕು.

ಎರಡು ಕವಲಿನ ಸೂತ್ರವೇ ಕೈಗೆ ಹತ್ತಿದ್ದರೆ ಅದನ್ನು ಎರಡು ಸಲ ಬಳಸಬಹುದು. 6 ಮತ್ತು 12 ಓಮ್ ಸಮಾಂತರವಾಗಿ ಸೇರಿ 4 ಓಮ್. ಈಗ 4ಕ್ಕೆ ಎದುರು 4, ಹಾಗಾಗಿ 6 ಆಂಪಿಯರ್ ಅರ್ಧರ್ಧ: ಮೊದಲ ಕವಲಿಗೆ 3, ಉಳಿದ ಜೋಡಿಗೆ 3. ಜೋಡಿಯ 3 ಆಂಪಿಯರಿನಲ್ಲಿ 6 ಓಮ್‌ನದಕ್ಕೆ 3 × 12/18 = 2, 12 ಓಮ್‌ನದಕ್ಕೆ 1. ನಿಮ್ಮ ಮಗಳ ಎರಡನೆಯ ದಾರಿ ಇದೇ ಇರಬೇಕು.

ಇನ್ನು ಮೈನಸ್ಸಿಗೆ ಬರೋಣ. ನೀವು ಕಳಿಸಿದ ಚಿತ್ರವನ್ನು ಇನ್ನೊಮ್ಮೆ ಮುಂದಿಟ್ಟುಕೊಳ್ಳಿ. ಕರೆಂಟ್ ಮೂಲದ ಬಾಣ ಮೇಲ್ಮುಖವಾಗಿದೆ, ಅಂದರೆ 6 ಆಂಪಿಯರ್ A ಸಂಧಿಯೊಳಕ್ಕೆ ಬರುತ್ತಿದೆ. I1 ಮತ್ತು I3 ಬಾಣಗಳು A ಯಿಂದ B ಕಡೆಗೆ ಕೆಳಮುಖವಾಗಿವೆ. ನಡುವಿನ I2 ಬಾಣ ಮಾತ್ರ ಮೇಲ್ಮುಖ. ಪುಸ್ತಕ ಬರೆದವರು ಬೇಕೆಂದೇ ಹಾಗೆ ಮಾಡಿದ್ದಾರೆ. (ಇಂಥ ಬಾಣವನ್ನು ಕಂಡರೆ ವಿದ್ಯಾರ್ಥಿಗಳು ಬೈದುಕೊಳ್ಳುವುದು ಸಹಜ. ನಾನೂ ಬೈದುಕೊಂಡವನೇ.)

ಬಾಣವೆಂದರೆ ‘ಕರೆಂಟ್ ಈ ದಿಕ್ಕಿಗೆ ಹರಿಯುತ್ತಿದೆ’ ಎಂಬ ಸುದ್ದಿಯಲ್ಲ. ‘ಈ ದಿಕ್ಕಿಗೆ ಹರಿದರೆ ಪ್ಲಸ್ ಎಂದು ಬರೆಯುತ್ತೇನೆ’ ಎಂಬ ಕರಾರು. 6 ಓಮ್‌ನ ರೆಸಿಸ್ಟರಿನಲ್ಲಿ ನಿಜವಾಗಿ ಹರಿಯುವುದು 2 ಆಂಪಿಯರ್, ಮೇಲಿನಿಂದ ಕೆಳಕ್ಕೆ. ಕರಾರಿನಲ್ಲಿರುವುದು ಕೆಳಗಿನಿಂದ ಮೇಲಕ್ಕೆ. ಆದ್ದರಿಂದ I2 = −2. ಪ್ರಯೋಗಶಾಲೆಯಲ್ಲಿ ಡಿಜಿಟಲ್ ಮೀಟರನ್ನು ಅದೇ ಕವಲಿಗೆ ಸರಣಿಯಲ್ಲಿ ಸೇರಿಸಿ, ಕೆಂಪು ತಂತಿಯನ್ನು ಕೆಳಗಿನ ಕಡೆಗೂ ಕಪ್ಪು ತಂತಿಯನ್ನು ಮೇಲಿನ ಕಡೆಗೂ ಇಟ್ಟರೆ ಪರದೆಯ ಮೇಲೆ −2.00 ಎಂದೇ ಕಾಣುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಮೈನಸ್ ಹೋಗುತ್ತದೆ. ರೆಸಿಸ್ಟರಿಗೆ ಇದು ಯಾವುದೂ ಗೊತ್ತಿಲ್ಲ.

ಡಿವೈಡರ್ ಸೂತ್ರದೊಳಗೂ ಒಂದು ಕರಾರು ಅಡಗಿದೆ. ಒಟ್ಟು ಕರೆಂಟಿನ ಬಾಣ ಒಂದು ಸಂಧಿಯೊಳಕ್ಕೆ ಬರಬೇಕು, ಕವಲಿನ ಬಾಣ ಅದೇ ಸಂಧಿಯಿಂದ ಹೊರಕ್ಕೆ ಹೋಗಬೇಕು. ಹಾಗಿದ್ದರೆ ಸೂತ್ರ ಪ್ಲಸ್. ಕವಲಿನ ಬಾಣ ತಿರುಗಿದ್ದರೆ ಸೂತ್ರದ ಮುಂದೆ ಮೈನಸ್. ಮೂಲದ ಬಾಣವೇ ತಿರುಗಿ 6 ಆಂಪಿಯರ್ A ಯಿಂದ ಹೊರಗೆ ಹೋಗುವಂತಿದ್ದರೆ ಎಲ್ಲ ಚಿಹ್ನೆಗಳೂ ತಿರುಗುತ್ತವೆ: I1 = −3, I2 = +2, I3 = −1. ಮಗಳಿಂದ ಇದನ್ನೂ ಒಮ್ಮೆ ಮಾಡಿಸಿ ನೋಡಿ. ಎರಡು ಬಾಣ ತಿರುಗಿದಾಗ ಎರಡು ಮೈನಸ್ ಸೇರಿ ಪ್ಲಸ್ ಆಗುವುದು ನಡುವಿನ ಕವಲಿನಲ್ಲಿ ಸ್ಪಷ್ಟವಾಗುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. A ಸಂಧಿಗೆ ಕಿರ್ಚಾಫ್ ಸಮೀಕರಣ ಬರೆಯುವಾಗ ಬಾಣಗಳನ್ನಷ್ಟೇ ನೋಡಬೇಕು. ಚಿತ್ರದ ಪ್ರಕಾರ ಒಳಗೆ ಬರುವ ಬಾಣಗಳು ಎರಡು, 6 ಮತ್ತು I2. ಹೊರಗೆ ಹೋಗುವವು I1, I3. ಆದ್ದರಿಂದ

6 + I2 = I1 + I3

ಇಲ್ಲಿಯವರೆಗೆ ಸಂಖ್ಯೆ ಬಾರದಿರಲಿ. ಈಗ ಬೆಲೆಗಳನ್ನು ಚಿಹ್ನೆಯ ಸಮೇತ ಹಾಕಿ: 6 + (−2) = 3 + 1, ಎರಡೂ ಕಡೆ 4. ತಪ್ಪು ಮಾಡುವವರು ಏನು ಮಾಡುತ್ತಾರೆಂದರೆ, ‘I2 ನಿಜವಾಗಿ ಹೊರಗೆ ಹೋಗುತ್ತಿದೆಯಲ್ಲ’ ಎಂದು ಸಮೀಕರಣದಲ್ಲೇ 6 − I2 ಎಂದು ಬರೆದು, ಬಳಿಕ I2 ಜಾಗದಲ್ಲಿ −2 ಕೂಡ ಹಾಕುತ್ತಾರೆ. 6 − (−2) = 8. ಒಂದೇ ಸಂಗತಿಗೆ ಎರಡು ಸಲ ಮೈನಸ್ ಕೊಟ್ಟಂತಾಯಿತು. ದಿಕ್ಕಿನ ಸಂಗತಿ ಬಾಣದಲ್ಲಿರಬೇಕು ಇಲ್ಲವೇ ಚಿಹ್ನೆಯಲ್ಲಿರಬೇಕು. ಎರಡೂ ಕಡೆ ಬರೆದರೆ ಲೆಕ್ಕ ಕೆಡುತ್ತದೆ.

ಇಲ್ಲೊಂದು ಗೊಂದಲವನ್ನೂ ನಿವಾರಿಸಿಬಿಡುತ್ತೇನೆ, ನೀವು ಕೇಳದಿದ್ದರೂ. ಮನೆಯ ಫ್ಯಾನು, ಫ್ರಿಜ್ಜು, ಗೀಸರ್ ಎಲ್ಲವೂ ಸಮಾಂತರದಲ್ಲೇ ಇವೆ. ಹಾಗಾದರೆ ಗೀಸರ್ ಹಾಕಿದಾಗ ಅದು ಕರೆಂಟಿನ ದೊಡ್ಡ ಪಾಲನ್ನು ಕಿತ್ತುಕೊಂಡು ಫ್ಯಾನಿನ ಪಾಲು ಕಡಿಮೆಯಾಗಬೇಕಲ್ಲ ಎಂದು ಅನಿಸಬಹುದು. ಹಾಗಾಗುವುದಿಲ್ಲ. ಮನೆಗೆ ಬರುವುದು ಗೊತ್ತಾದ ವೋಲ್ಟೇಜ್, ಸುಮಾರು 230 ವೋಲ್ಟ್. ಒಟ್ಟು ಕರೆಂಟ್ ಮೊದಲೇ ಗೊತ್ತಾಗಿರುವುದಿಲ್ಲ. ಗೀಸರ್ ಹಾಕಿದರೆ ಒಟ್ಟು ಕರೆಂಟೇ ಏರುತ್ತದೆ, ಫ್ಯಾನ್ ತನ್ನಷ್ಟನ್ನು ತಾನು ಎಳೆಯುತ್ತಲೇ ಇರುತ್ತದೆ. ವೈರಿನಲ್ಲಿ ಬೀಳುವ ಒಂದೆರಡು ವೋಲ್ಟಿನ ವ್ಯತ್ಯಾಸ ಬೇರೆ ಮಾತು. ಒಟ್ಟು ಕರೆಂಟ್ ಇಷ್ಟೇ ಎಂದು ಕಟ್ಟುಬಿದ್ದಿರುವಲ್ಲಿ ಮಾತ್ರ ಡಿವೈಡರ್ ಸೂತ್ರವನ್ನು ಹಂಚಿಕೆಗೆ ಬಳಸಬೇಕು.

ಅಂಥ ಜಾಗ ನಿಮ್ಮ ಮನೆಯ ಹತ್ತಿರವೇ ಇದೆ. ವಿಜಯನಗರಕ್ಕೆ 2015ರ ನವೆಂಬರಿನಲ್ಲಿ ಬಂದ, 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮುಂದುವರಿದ ಮೆಟ್ರೋದ ನೇರಳೆ ಮಾರ್ಗವನ್ನೇ ನೋಡಿ. ರೈಲಿಗೆ ತಲೆಯ ಮೇಲೆ ತಂತಿಯಿಲ್ಲ. ಹಳಿಯ ಪಕ್ಕದಲ್ಲೇ ಓಡುವ ಮೂರನೆಯ ಹಳಿಯಿಂದ 750 ವೋಲ್ಟ್ ಡಿ.ಸಿ. ತೆಗೆದುಕೊಳ್ಳುತ್ತದೆ. ಕರೆಂಟ್ ಹಿಂತಿರುಗುವುದು ಚಕ್ರಗಳು ಉರುಳುವ ಹಳಿಗಳ ಮೂಲಕ. ಮಾರ್ಗದುದ್ದಕ್ಕೂ ಅಲ್ಲಲ್ಲಿ ಸಬ್‌ಸ್ಟೇಷನ್‌ಗಳು ಮೂರನೆಯ ಹಳಿಗೆ ಕರೆಂಟ್ ಕೊಡುತ್ತವೆ. ಎರಡು ಸಬ್‌ಸ್ಟೇಷನ್‌ಗಳ ನಡುವೆ ನಿಂತ ರೈಲು ಎರಡೂ ಕಡೆಯಿಂದ ಕರೆಂಟ್ ಎಳೆಯುತ್ತದೆ. ಅದು ಹೇಗೆ ಹಂಚಿಕೆಯಾಗುತ್ತದೆ?

ಲೆಕ್ಕಕ್ಕೆಂದು ನಾನೇ ಹಿಡಿದ ಅಂಕಿಗಳಿವು, ಅಳತೆ ಮಾಡಿದವಲ್ಲ. ಎರಡು ಸಬ್‌ಸ್ಟೇಷನ್‌ಗಳ ನಡುವೆ 2 ಕಿಲೋಮೀಟರ್. ಹೋಗುವ ಹಳಿ, ಬರುವ ಹಳಿ ಎಲ್ಲ ಸೇರಿ ಕಿಲೋಮೀಟರಿಗೆ 0.02 ಓಮ್. ರೈಲು ವಿಜಯನಗರದ ಕಡೆಯ ಸಬ್‌ಸ್ಟೇಷನ್ನಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ, ನಿಲ್ದಾಣ ಬಿಟ್ಟು ವೇಗ ಹೆಚ್ಚಿಸಿಕೊಳ್ಳುತ್ತ 2000 ಆಂಪಿಯರ್ ಎಳೆಯುತ್ತಿದೆ. ಹತ್ತಿರದ ಕವಲು 0.01 ಓಮ್, ಕೆಂಗೇರಿ ಕಡೆಯ ಕವಲು 0.03 ಓಮ್. ಎರಡೂ ಸಬ್‌ಸ್ಟೇಷನ್‌ಗಳ ವೋಲ್ಟೇಜ್ 750 ಎಂದೇ ಇದ್ದರೆ ಹತ್ತಿರದ್ದು 2000 × 0.03/0.04 = 1500 ಆಂಪಿಯರ್ ಕೊಡುತ್ತದೆ, ದೂರದ್ದು 500. ವೋಲ್ಟೇಜ್ ಪರೀಕ್ಷೆಯೂ ಸರಿ: 1500 × 0.01 ಮತ್ತು 500 × 0.03, ಎರಡೂ 15 ವೋಲ್ಟ್. ರೈಲಿಗೆ ಸಿಗುವುದು 735 ವೋಲ್ಟ್.

ಈಗ ನಿಮ್ಮ ಪುಸ್ತಕದ ಬಾಣ ಇಲ್ಲೂ ಬರುತ್ತದೆ. ಮಾರ್ಗದ ನಕ್ಷೆ ಬರೆಯುವವರು ಇಡೀ ಮೂರನೆಯ ಹಳಿಗೆ ಒಂದೇ ದಿಕ್ಕನ್ನು, ವಿಜಯನಗರದಿಂದ ಕೆಂಗೇರಿ ಕಡೆಗೆ, ಪ್ಲಸ್ ಎಂದು ಇಟ್ಟುಕೊಂಡರೆ ಅನುಕೂಲ. ಆಗ ರೈಲಿನ ಈಚೆ ಬದಿ +1500, ಆಚೆ ಬದಿ −500. ಆಚೆಯ ಕರೆಂಟ್ ಕೆಂಗೇರಿ ಕಡೆಯಿಂದ ಇತ್ತ ಬರುತ್ತಿದೆ, ಅದಕ್ಕೇ ಮೈನಸ್. ರೈಲು ಎಳೆಯುವುದು ಒಳಬಂದದ್ದರಲ್ಲಿ ಮುಂದೆ ಹೋದದ್ದನ್ನು ಕಳೆದಷ್ಟು: 1500 − (−500) = 2000. ಇಲ್ಲಿ ಚಿಹ್ನೆ ಮರೆತು 1500 − 500 ಎಂದರೆ ರೈಲಿಗೆ ಅರ್ಧದಷ್ಟೇ ಕರೆಂಟ್ ಸಿಕ್ಕಂತೆ ತೋರುತ್ತದೆ.

ಮೇಲಿನದು ಬರೆಯುವವರ ಆಯ್ಕೆಯಿಂದ ಬಂದ ಮೈನಸ್. ಬಾಣಗಳನ್ನು ಸರಿಯಾಗಿಟ್ಟರೂ ಬರುವ ಮೈನಸ್ ಒಂದಿದೆ, ಅದನ್ನು ಹೇಳದಿದ್ದರೆ ಉತ್ತರ ಅರೆಬರೆಯಾದೀತು. ಈಗ ಎರಡೂ ಬಾಣಗಳನ್ನು ಸಬ್‌ಸ್ಟೇಷನ್ನಿನಿಂದ ರೈಲಿನ ಕಡೆಗೆ ಬರೆಯೋಣ. ಕೆಂಗೇರಿ ಕಡೆಯದು 755 ವೋಲ್ಟ್, ವಿಜಯನಗರದ ಕಡೆಯದು 750 ಎಂದಿರಲಿ. ಡಿವೈಡರ್ ಸೂತ್ರವನ್ನು ಹಾಗೇ ಹಾಕುವಂತಿಲ್ಲ. ಅದು ಕವಲುಗಳಲ್ಲಿ ಬರೀ ರೋಧ ಇರುವಾಗಿನ ಸೂತ್ರ. ಇಲ್ಲಿ ಒಂದು ಕವಲಿನಲ್ಲಿ 5 ವೋಲ್ಟ್ ಹೆಚ್ಚಿಗೆ ಕೂತಿದೆ. ರೈಲೇ ಇಲ್ಲದಿದ್ದರೂ ಆ 5 ವೋಲ್ಟ್ ಇಡೀ 0.04 ಓಮ್ ಸುತ್ತಿನಲ್ಲಿ 125 ಆಂಪಿಯರನ್ನು ಕೆಂಗೇರಿ ಕಡೆಯಿಂದ ವಿಜಯನಗರದ ಕಡೆಗೆ ನೂಕಲು ನೋಡುತ್ತದೆ. ಆದ್ದರಿಂದ ಹಂಚಿಕೆಯ ಉತ್ತರಕ್ಕೆ ಇದನ್ನು ಸೇರಿಸಬೇಕು: ಹತ್ತಿರದ್ದು 1500 − 125 = 1375, ದೂರದ್ದು 500 + 125 = 625. ಪರೀಕ್ಷೆ: 750 − 13.75 ಮತ್ತು 755 − 18.75, ಎರಡೂ ಕಡೆಯಿಂದ ರೈಲಿಗೆ 736.25 ವೋಲ್ಟ್.

ಅದೇ ರೈಲು ಅಲ್ಲೇ ನಿಂತಿದೆ, ದೀಪ ಮತ್ತು ಏಸಿಗಾಗಿ 100 ಆಂಪಿಯರ್ ಮಾತ್ರ ಎಳೆಯುತ್ತಿದೆ ಎನ್ನಿ. ಹಂಚಿಕೆಯಲ್ಲಿ 75 ಮತ್ತು 25. ಅದಕ್ಕೆ 125 ಸೇರಿಸಿ ಕಳೆದರೆ ದೂರದ್ದು 150, ಹತ್ತಿರದ್ದು −50. ಈ ಮೈನಸ್ ಬಾಣದ ಆಟವಲ್ಲ. ಹತ್ತಿರದ ಸಬ್‌ಸ್ಟೇಷನ್ ಕರೆಂಟ್ ಕೊಡುವ ಬದಲು 50 ಆಂಪಿಯರ್ ಒಳಗೆ ತೆಗೆದುಕೊಳ್ಳುತ್ತಿದೆ ಎಂದು ಅರ್ಥ. ಆದರೆ ಇಂಥ ಸಬ್‌ಸ್ಟೇಷನ್‌ಗಳಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡಲು ಸಾಮಾನ್ಯವಾಗಿ ಬಳಸುವುದು ಡಯೋಡ್ ರೆಕ್ಟಿಫೈಯರ್. ಡಯೋಡ್ ಕರೆಂಟನ್ನು ಹಿಂದಕ್ಕೆ ಬಿಡುವುದಿಲ್ಲ. ಹಾಗಾಗಿ −50 ಎಂಬ ಉತ್ತರ ಬಂದೊಡನೆ ‘ಈ ಕವಲು ಮುಚ್ಚಿಕೊಂಡಿದೆ’ ಎಂದು ತಿಳಿದು, ಅದನ್ನು ತೆಗೆದುಹಾಕಿ ಲೆಕ್ಕವನ್ನು ಮತ್ತೆ ಮಾಡಬೇಕು. ಹತ್ತಿರದ್ದು ಸೊನ್ನೆ, ದೂರದ್ದೇ 100 ಆಂಪಿಯರ್ ಪೂರ್ತಿ ಕೊಡುತ್ತದೆ, ರೈಲಿನ ಬಳಿ 755 − 3 = 752 ವೋಲ್ಟ್. ಅದು 750ಕ್ಕಿಂತ ಹೆಚ್ಚಿರುವುದರಿಂದ ಹತ್ತಿರದ ಡಯೋಡ್ ಮುಚ್ಚಿಯೇ ಇರುತ್ತದೆ, ಲೆಕ್ಕ ಹೊಂದಿತು. ನಿಜವಾದ ಸಬ್‌ಸ್ಟೇಷನ್ನಿಗೆ ತನ್ನದೇ ಒಳರೋಧವಿರುತ್ತದೆ, ಹೊರೆ ಏರಿದಂತೆ ವೋಲ್ಟೇಜ್ ಕುಸಿಯುತ್ತದೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ನಿಮ್ಮ ಮಗಳ ಲೆಕ್ಕದಲ್ಲಿ ಡಯೋಡೂ ಇಲ್ಲ, ಕವಲಿನಲ್ಲಿ ಬ್ಯಾಟರಿಯೂ ಇಲ್ಲ. ಅಲ್ಲಿನ −2 ಮೊದಲ ಬಗೆಯದು, ಬರೀ ಬಾಣದಿಂದ ಬಂದದ್ದು. ಪರೀಕ್ಷೆಯಲ್ಲಿ ಅವಳು I2 = −2 A ಎಂದು ಬರೆದು, ಪಕ್ಕದಲ್ಲಿ ‘2 A, A ಯಿಂದ B ಕಡೆಗೆ’ ಎಂದು ಸೇರಿಸಿದರೆ ತಿದ್ದುವವರಿಗೆ ಅನುಮಾನಕ್ಕೆ ಜಾಗವಿರುವುದಿಲ್ಲ.